ಒಂದು ಗ್ರಾಂ ಮಣ್ಣು, ಅರ್ಧ ಮಿಲಿಗ್ರಾಂ ಸಾರಜನಕ: ಕೆಲ್ಡಾಲ್ ಪರೀಕ್ಷೆಯಲ್ಲಿ ಯಾವುದನ್ನು ಆರಿಸಬೇಕು?

ಒಂದು ಗ್ರಾಂ ಎರೆಮಣ್ಣು ಚಹಾ ಚಮಚದ ಕಾಲು ಭಾಗವೂ ಆಗುವುದಿಲ್ಲ. ಅದರೊಳಗಿನ ಒಟ್ಟು ಸಾರಜನಕ ಸುಮಾರು ಅರ್ಧ ಮಿಲಿಗ್ರಾಂ. ಹೆಚ್ಚುಕಡಿಮೆ ಒಂದು ಸಣ್ಣ ಸಕ್ಕರೆ ಹರಳಿನ ತೂಕ. ಆ ಹರಳನ್ನು ಕುದಿಯುವ ಆಸಿಡ್‌ನಲ್ಲಿ ಕರಗಿಸಿ, ಅಮೋನಿಯಾ ಮಾಡಿ, ಹಬೆಯ ಜೊತೆ ಹಾರಿಸಿ, ಇನ್ನೊಂದು ಪಾತ್ರೆಯಲ್ಲಿ ಹಿಡಿದು, ಬ್ಯೂರೆಟ್‌ನಲ್ಲಿ ಅಳೆಯಬೇಕು. ಕೆಲ್ಡಾಲ್ ವಿಧಾನ ಅಂದರೆ ಇಷ್ಟೇ. ಆದರೆ ಪ್ರತಿ ಹಂತದಲ್ಲೂ ಎರಡು ಮೂರು ದಾರಿಗಳಿವೆ. ಮಣ್ಣು ಎಷ್ಟು ತೂಗಬೇಕು, ಅಮೋನಿಯಾವನ್ನು ಯಾವುದರಲ್ಲಿ ಹಿಡಿಯಬೇಕು, ಮಣ್ಣಿಲ್ಲದೆ ಮಾಡುವ ಮಾದರಿ, ಅಂದರೆ ಬ್ಲ್ಯಾಂಕ್, ಎಂಥದ್ದನ್ನು ಕಳೆಯಬೇಕು? ಇವನ್ನು ಆರಿಸುವಾಗ ನಾನು ಯಾವಾಗಲೂ ಆ ಅರ್ಧ ಮಿಲಿಗ್ರಾಂ ನೆನಪಿಟ್ಟುಕೊಳ್ಳುತ್ತೇನೆ.

ಯೋಹಾನ್ ಕೆಲ್ಡಾಲ್ 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಇದನ್ನು ರೂಪಿಸಿದ್ದು ಬಿಯರ್ ತಯಾರಿಸುವ ಬಾರ್ಲಿಯಲ್ಲಿ ಪ್ರೋಟೀನ್ ಎಷ್ಟಿದೆ ಎಂದು ತಿಳಿಯಲು. ಕಾಳಿನಲ್ಲಿ ಸಾರಜನಕ ನೂರಕ್ಕೆ ಒಂದೂವರೆ ಎರಡು ಭಾಗ ಇರುತ್ತದೆ. ನಮ್ಮ ಬಯಲುಸೀಮೆ ಮಣ್ಣಿನಲ್ಲಿ ಅದರ ಮೂವತ್ತನೇ ಒಂದು ಭಾಗ. ಹಾಗಾಗಿ ಕಾಳಿಗೆ ಹೊಂದುವ ಅಳತೆಗಳನ್ನು ಸುಮ್ನೆ ಮಣ್ಣಿಗೆ ತಂದರೆ ಲೆಕ್ಕ ಕೆಡುತ್ತದೆ.

ಮೊದಲು: ನಿಮಗೆ ಬೇಕಾಗಿರುವುದು ಒಟ್ಟು ಸಾರಜನಕವೇ?

ಈ ಗೊಂದಲ ತುಂಬಾ ಸಾಮಾನ್ಯ. ಮಣ್ಣು ಆರೋಗ್ಯ ಚೀಟಿಯಲ್ಲಿ ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಬರೆದಿರುವುದು ಲಭ್ಯ ಸಾರಜನಕ. ಅದಕ್ಕೆ ಆಸಿಡ್‌ನಲ್ಲಿ ಕುದಿಸುವ ಕೆಲಸ ಇಲ್ಲ. ಇಪ್ಪತ್ತು ಗ್ರಾಂ ಮಣ್ಣಿಗೆ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಮತ್ತು ತೆಳು ಕ್ಷಾರ ಹಾಕಿ ನೇರವಾಗಿ ಡಿಸ್ಟಿಲ್ ಮಾಡುತ್ತಾರೆ. ಸುಬ್ಬಯ್ಯ ಮತ್ತು ಅಸಿಜಾ 1956ರಲ್ಲಿ ಪ್ರಕಟಿಸಿದ ವಿಧಾನ ಅದು. ಸುಲಭವಾಗಿ ಬಿಟ್ಟುಕೊಡುವ ಸಾರಜನಕದ ಒಂದು ಪಾಲು ಮಾತ್ರ ಅಲ್ಲಿ ಹೊರಬರುತ್ತದೆ. 280 ಕಿಲೋಗಿಂತ ಕೆಳಗಿದ್ದರೆ ಕಡಿಮೆ, 560 ದಾಟಿದರೆ ಜಾಸ್ತಿ ಎನ್ನುವ ಮಾಪನ ಆ ಪರೀಕ್ಷೆಗೆ ಮಾತ್ರ ಸೇರಿದ್ದು.

ಎರಡಕ್ಕೂ ಡಿಸ್ಟಿಲೇಷನ್ ಯಂತ್ರ ಒಂದೇ, ಬೋರಿಕ್ ಆಸಿಡ್ ಒಂದೇ, ಟೈಟ್ರೇಷನ್ ಕೂಡ ಒಂದೇ. ಅದಕ್ಕೇ ಜನ ಒಂದರ ಅಂಕಿಯನ್ನು ಇನ್ನೊಂದರ ಮಾಪನಕ್ಕೆ ಹಚ್ಚಿಬಿಡುತ್ತಾರೆ. ಈ ಹಂಗಾಮಿಗೆ ಎಷ್ಟು ಯೂರಿಯಾ ಹಾಕಬೇಕು ಅನ್ನುವುದು ಪ್ರಶ್ನೆಯಾದರೆ ಪರ್ಮ್ಯಾಂಗನೇಟ್ ವಿಧಾನ ಸಾಕು. ಮಣ್ಣಿನ ಇಂಗಾಲ ಮತ್ತು ಸಾರಜನಕದ ಅನುಪಾತ ಬೇಕು, ಹತ್ತು ವರ್ಷ ಕೊಟ್ಟಿಗೆ ಗೊಬ್ಬರ ಹಾಕಿದ ಮೇಲೆ ಮಣ್ಣಿನ ಸಂಗ್ರಹ ಬೆಳೆದಿದೆಯಾ ನೋಡಬೇಕು ಅಂತಾದರೆ ಒಟ್ಟು ಸಾರಜನಕ ಬೇಕು. ಮಣ್ಣನ್ನು ಉರಿಸಿ ಸಾರಜನಕದ ಅನಿಲವನ್ನೇ ಅಳೆಯುವ ಡ್ಯೂಮಾ ಯಂತ್ರ ಕೈಗೆ ಸಿಗುವಂತಿದ್ದರೆ ಅದೇ ಬೇಗ, ಆಸಿಡ್ ಹೊಗೆಯೂ ಇಲ್ಲ, ನೈಟ್ರೇಟ್ ಕೂಡ ಅದರಲ್ಲಿ ಸೇರುತ್ತದೆ. ಆದರೆ ಅದರ ಬೆಲೆ, ಗ್ಯಾಸ್ ಸಿಲಿಂಡರ್‌ಗಳ ಖರ್ಚು ಸಣ್ಣ ಲ್ಯಾಬಿಗೆ ಎಟುಕುವಂಥದ್ದಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಕೆಲ್ಡಾಲ್ ಬಗ್ಗೆ.

ಹತ್ತು ಗ್ರಾಂ ಅಥವಾ ಒಂದು ಗ್ರಾಂ

ಹಳೆಯ ದಾರಿ ಮ್ಯಾಕ್ರೋ. 800 ಮಿ.ಲೀ. ಫ್ಲಾಸ್ಕ್, ಹತ್ತು ಗ್ರಾಂ ಮಣ್ಣು, ಮೂವತ್ತು ಮಿ.ಲೀ.ನಷ್ಟು ಸಾಂದ್ರ ಸಲ್ಫ್ಯೂರಿಕ್ ಆಸಿಡ್. ಇನ್ನೊಂದು ಸೆಮಿ ಮೈಕ್ರೋ. 100 ಮಿ.ಲೀ. ಫ್ಲಾಸ್ಕ್, ಒಂದು ಗ್ರಾಂ ಮಣ್ಣು, ಮೂರು ಮಿ.ಲೀ. ಆಸಿಡ್.

ಹತ್ತು ಗ್ರಾಂ ತೂಗಿದರೆ ಒಂದು ಅನುಕೂಲ ಇದೆ. ಮಣ್ಣಿನಲ್ಲಿ ಎಲ್ಲೋ ಒಂದು ಬೇರಿನ ಚೂರು, ಸಗಣಿಯ ಕಣ ಇದ್ದರೂ ಸರಾಸರಿ ಅಷ್ಟಾಗಿ ಅಲುಗುವುದಿಲ್ಲ. ಎರಡು ಮಿಲಿಮೀಟರ್ ಜರಡಿಯಲ್ಲಿ ಸೋಸಿದ ಮಣ್ಣನ್ನು ಇನ್ನೂ ನುಣ್ಣಗೆ ಅರೆಯದೆ ಬಳಸಬೇಕಾದವರಿಗೆ ಇದೇ ದಾರಿ. ಆದರೆ ತಳದಲ್ಲಿ ಮರಳು ಕೂತು ಫ್ಲಾಸ್ಕ್ ಧಡಧಡ ಎಗರುತ್ತದೆ. ಒಂದು ಮಾದರಿಗೆ ನೂರು ಮಿ.ಲೀ.ಗೂ ಜಾಸ್ತಿ ಶೇ. 40ರ ಕಾಸ್ಟಿಕ್ ಸೋಡಾ ಸುರಿಯಬೇಕು.

ಒಂದು ಗ್ರಾಂ ದಾರಿಯಲ್ಲಿ ಈ ತಾಪತ್ರಯ ಇಲ್ಲ. ಅದಕ್ಕೆ ಬದಲಾಗಿ ಅರೆಯುವ ಕೆಲಸ ಬರುತ್ತದೆ. ಒಂದು ಬೇರಿನ ಚೂರಿಗೇ ಫಲಿತಾಂಶ ಕೆಡಬಹುದಾದ್ದರಿಂದ ಮಣ್ಣು 0.15 ಮಿ.ಮೀ. ಜರಡಿಯಲ್ಲಿ ಪೂರ್ತಿ ಇಳಿಯಬೇಕು. 'ಪೂರ್ತಿ' ಎನ್ನುವುದನ್ನು ಒತ್ತಿ ಹೇಳುತ್ತೇನೆ. ಜರಡಿಯ ಮೇಲೆ ಉಳಿದದ್ದನ್ನು ಎಸೆದರೆ ನೀವು ಎಸೆಯುವುದು ಬೇರು, ಕಸ, ಗಟ್ಟಿ ಹೆಂಟೆ. ಅಂದರೆ ಅಳತೆ ಮಾಡಬೇಕಾದ ವಸ್ತುವನ್ನೇ ಎಸೆದಂತೆ.

ಈಗ ಬ್ಯೂರೆಟ್ ಆಸಿಡ್‌ನ ಬಲ, ಅಂದರೆ ನಾರ್ಮಾಲಿಟಿ, N. ಅರ್ಧ ಮಿಲಿಗ್ರಾಂನ ಲೆಕ್ಕ ಇಲ್ಲಿ ಚೆನ್ನಾಗಿ ಕಾಣಿಸುತ್ತದೆ. 0.1 N ಆಸಿಡ್‌ನ ಒಂದು ಮಿ.ಲೀ. ಹಿಡಿಯುವುದು 1.4 ಮಿಲಿಗ್ರಾಂ ಸಾರಜನಕ. ಒಂದು ಗ್ರಾಂ ಮಣ್ಣಿಗೆ ಅದನ್ನು ಬಳಸಿದರೆ ಬ್ಯೂರೆಟ್ ಇಳಿಯುವುದು ಮೂರೂವರೆ ನಾಲ್ಕು ಪುಟ್ಟ ಗೆರೆ, ಅಂದರೆ 0.38 ಮಿ.ಲೀ. ಕಣ್ಣಂದಾಜಿನಲ್ಲಿ 0.05 ತಪ್ಪಿದರೂ ಉತ್ತರ ಶೇ. 13 ತಪ್ಪಾಯಿತು. 0.01 N ಆಸಿಡ್ ತೆಗೆದುಕೊಂಡರೆ ಅದೇ ಮಣ್ಣಿಗೆ 3.8 ಮಿ.ಲೀ. ಬೇಕಾಗುತ್ತದೆ, ಅದೇ ಕಣ್ತಪ್ಪು ಶೇ. 1.3ಕ್ಕೆ ಇಳಿಯುತ್ತದೆ. ಹತ್ತು ಗ್ರಾಂ ಮಣ್ಣಿಗೆ 0.1 N ಸರಿ, ಒಂದು ಗ್ರಾಂ ಮಣ್ಣಿಗೆ 0.01 N, ಅದೂ ಹತ್ತು ಮಿ.ಲೀ.ನ ಸಣ್ಣ ಬ್ಯೂರೆಟ್‌ನಲ್ಲಿ. ಒಂದು ಗ್ರಾಂ ಮಣ್ಣು, 0.1 N ಆಸಿಡ್, ಐವತ್ತು ಮಿ.ಲೀ. ಬ್ಯೂರೆಟ್ ಎಂಬ ಜೋಡಣೆಯನ್ನು ನಾನು ಬಹಳ ಕಡೆ ಕಂಡಿದ್ದೇನೆ. ಕಾಳಿನ ಪ್ರೋಟೀನ್ ಪರೀಕ್ಷೆಗೆ ಇಟ್ಟಿದ್ದನ್ನೇ ಮಣ್ಣಿಗೂ ಬಳಸುತ್ತಾರೆ, ಅಷ್ಟೆ.

ಕುದಿಸುವಾಗ: ನೀರು, ವೇಗವರ್ಧಕ, ನೈಟ್ರೇಟ್

ಕೆಂಪು ಮಣ್ಣಿಗೂ ಎರೆಮಣ್ಣಿಗೂ ಇಲ್ಲಿ ದಾರಿ ಬೇರೆ. ಒಣ ಎರೆಮಣ್ಣಿಗೆ ನೇರವಾಗಿ ಸಾಂದ್ರ ಆಸಿಡ್ ಸುರಿದರೆ ಜೇಡಿಯ ಸಣ್ಣ ಹೆಂಟೆಗಳ ಒಳಕ್ಕೆ ಆಸಿಡ್ ಸರಿಯಾಗಿ ಇಳಿಯುವುದಿಲ್ಲ. ಮೊದಲು ನೀರು ಹಾಕಿ ನೆನೆಸಿದರೆ ಜೇಡಿ ಉಬ್ಬಿ ಬಿಡಿಸಿಕೊಳ್ಳುತ್ತದೆ. ಇದನ್ನು 1925ರಲ್ಲೇ ಡಿ. ವಿ. ಬಾಲ್ ಭಾರತದ ಭಾರೀ ಜೇಡಿಮಣ್ಣಿನ ಮೇಲೆ ತೋರಿಸಿದ್ದರು. ವಿಜಯಪುರ, ರಾಯಚೂರು, ಧಾರವಾಡದ ಕಡೆಯ ಎರೆಮಣ್ಣು ಪರೀಕ್ಷಿಸುವವರು ಈ ಹಂತ ಬಿಡಬಾರದು. ಒಂದು ಗ್ರಾಂ ಮಣ್ಣಿಗೆ ಎರಡು ಮಿ.ಲೀ. ನೀರು, ಅರ್ಧ ಗಂಟೆ ಬಿಡಿ. ನುಣ್ಣಗೆ ಅರೆದಿದ್ದರೆ ವ್ಯತ್ಯಾಸ ಕಡಿಮೆಯಾಗುತ್ತದೆ, ಆದರೂ ಎರಡು ಮಿ.ಲೀ. ನೀರಿಗೆ ಏನು ಖರ್ಚು ಹೇಳಿ? ಕೋಲಾರದ ಕೆಂಪು ಮರಳುಮಿಶ್ರಿತ ಮಣ್ಣಿಗೆ ಇದರಿಂದ ಹೆಚ್ಚೇನೂ ಲಾಭ ಇಲ್ಲ.

ಆಮೇಲೆ ಪೊಟ್ಯಾಸಿಯಂ ಸಲ್ಫೇಟ್. ಇದರ ಕೆಲಸ ಆಸಿಡ್ ಕುದಿಯುವ ಬಿಸಿಯನ್ನು ಮೇಲಕ್ಕೆ ಏರಿಸುವುದು. ಬಿಸಿ 360ರಿಂದ 380 ಡಿಗ್ರಿಯ ಆಸುಪಾಸಿನಲ್ಲಿರಬೇಕು. 400 ದಾಟಿದರೆ ಅಮೋನಿಯಂ ಸಲ್ಫೇಟ್ ಒಡೆದು ಸಾರಜನಕ ಹಾರಿಹೋಗುತ್ತದೆ. ಆಸಿಡ್ ಹೊಗೆಯಾಗಿ ಹೋಗಿಹೋಗಿ ಕಡಿಮೆಯಾದರೆ ಉಪ್ಪಿನ ಪಾಲು ಹೆಚ್ಚಾಗಿ, ತಣ್ಣಗಾದಾಗ ಫ್ಲಾಸ್ಕ್ ಒಳಗೆ ಗಟ್ಟಿ ಬಿಲ್ಲೆ ಕಟ್ಟುತ್ತದೆ. ಹಾಗೆ ಕಟ್ಟಿದ ಫ್ಲಾಸ್ಕ್ ಕಂಡರೆ ಆ ಮಾದರಿಯನ್ನು ಮತ್ತೆ ಮಾಡಿ.

ವೇಗವರ್ಧಕಕ್ಕೆ ಮೂರು ಆಯ್ಕೆ: ಪಾದರಸ, ಸೆಲೆನಿಯಂ, ತಾಮ್ರ. ಪಾದರಸ ಚುರುಕು, ಆದರೆ ಅದು ಅಮೋನಿಯಾವನ್ನು ಹಿಡಿದಿಟ್ಟುಕೊಳ್ಳುವುದರಿಂದ ಡಿಸ್ಟಿಲೇಷನ್‌ಗೆ ಮೊದಲು ಥಯೋಸಲ್ಫೇಟ್ ಹಾಕಿ ಬಿಡಿಸಬೇಕು. ಜೊತೆಗೆ ಉಳಿಯುವ ವಿಷದ ಕಸವನ್ನು ಎಲ್ಲಿ ಚೆಲ್ಲುತ್ತೀರಿ? ಅದನ್ನು ಮರೆತುಬಿಡಿ. ಪುಸ್ತಕಗಳಲ್ಲಿ ಹೆಚ್ಚು ಕಾಣುವ ಮಿಶ್ರಣ ಪೊಟ್ಯಾಸಿಯಂ ಸಲ್ಫೇಟ್ ನೂರು ಭಾಗ, ಮೈಲುತುತ್ತ ಹತ್ತು ಭಾಗ, ಸೆಲೆನಿಯಂ ಒಂದು ಭಾಗ. ಒಂದು ಗ್ರಾಂ ಮಣ್ಣಿಗೆ ಇದು 1.1 ಗ್ರಾಂ ಸಾಕು. ಸೆಲೆನಿಯಂ ಕೂಡ ವಿಷವೇ, ಜಾಸ್ತಿ ಹಾಕಿದರೆ ಸಾರಜನಕವನ್ನೂ ಕಳೆಯುತ್ತದೆ. ಹೊಗೆ ಎಳೆಯುವ ಗೂಡು ಚೆನ್ನಾಗಿಲ್ಲದ ಲ್ಯಾಬಿನವರು ಬರೀ ಮೈಲುತುತ್ತದಲ್ಲಿ ಮಾಡಿ ಇನ್ನೊಂದೆರಡು ಗಂಟೆ ಹೆಚ್ಚು ಕುದಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಎಷ್ಟು ಹೊತ್ತು? ಮೊದಲು ಕಪ್ಪಾಗಿ ನೊರೆ ಬರುತ್ತದೆ, ಆಮೇಲೆ ಕಂದು, ಆಮೇಲೆ ಹುಲ್ಲಿನ ಬಣ್ಣ, ಕೊನೆಗೆ ತಿಳಿ ಹಸಿರು ನೀಲಿ. ತಳದಲ್ಲಿ ಬೂದು ಬಿಳಿ ಮರಳು ಉಳಿಯುತ್ತದೆ. ಹೊಸಬರು ತಿಳಿಯಾದ ತಕ್ಷಣ ಒಲೆ ಆರಿಸುತ್ತಾರೆ. ತಿಳಿಯಾಯಿತು ಅಂದರೆ ಇಂಗಾಲ ಹೋಯಿತು ಎಂದು ಮಾತ್ರ ಅರ್ಥ. ಸಾರಜನಕ ಇರುವ ಕೆಲವು ಗಟ್ಟಿ ಉಂಗುರಾಕಾರದ ಅಣುಗಳು ಒಡೆಯಲು ಇನ್ನೂ ಹೊತ್ತು ಬೇಕು. ಸೆಲೆನಿಯಂ ಮಿಶ್ರಣದಲ್ಲೂ ಸೆಮಿ ಮೈಕ್ರೋ ಮಣ್ಣಿಗೆ ತಿಳಿಯಾದ ಮೇಲೆ ಐದು ಗಂಟೆ ಎಂದು ವಿಧಾನ ಹೇಳುತ್ತದೆ. ನಿಮ್ಮ ಮಣ್ಣಿಗೆ ಎಷ್ಟು ಸಾಕು ಎಂದು ತಿಳಿಯಬೇಕಾದರೆ ಒಂದೇ ಮಣ್ಣಿನ ಫ್ಲಾಸ್ಕ್‌ಗಳನ್ನು ಒಂದು, ಮೂರು, ಐದು ಗಂಟೆಗೆ ಇಳಿಸಿ ನೋಡಿ. ಅಂಕಿ ಏರುವುದು ಎಲ್ಲಿ ನಿಂತಿತೋ ಅದೇ ನಿಮ್ಮ ಹೊತ್ತು.

ನೈಟ್ರೇಟ್ ವಿಷಯದಲ್ಲಿ ಒಂದು ಸಿಕ್ಕು ಇದೆ. ಸಾದಾ ಕೆಲ್ಡಾಲ್‌ನಲ್ಲಿ ನೈಟ್ರೇಟ್ ಪೂರ್ತಿ ಬರುವುದಿಲ್ಲ. ಅದನ್ನೂ ಸೇರಿಸಲು ಸ್ಯಾಲಿಸಿಲಿಕ್ ಆಸಿಡ್ ಮತ್ತು ಥಯೋಸಲ್ಫೇಟ್ ಹಾಕುವ ಮಾರ್ಪಾಡು ಇದೆ. ಆದರೆ ಆ ಮಾರ್ಪಾಡಿಗೆ ಮಣ್ಣು ಒಣಗಿರಬೇಕು. ನೀರಿದ್ದರೆ ಸ್ಯಾಲಿಸಿಲಿಕ್ ಆಸಿಡ್ ನೈಟ್ರೇಟನ್ನು ಹಿಡಿಯುವುದಿಲ್ಲ. ಎರೆಮಣ್ಣಿಗೋ ಮೊದಲು ನೀರು ಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ. ನಾನು ಹೀಗೆ ಲೆಕ್ಕ ಹಾಕುತ್ತೇನೆ: ಮಣ್ಣಿನ ಒಟ್ಟು ಸಾರಜನಕ ಕಿಲೋಗೆ 530 ಮಿಲಿಗ್ರಾಂ, ನೈಟ್ರೇಟ್ ಸಾರಜನಕ ಹತ್ತು ಮಿಲಿಗ್ರಾಂ ಆದರೆ ಅದು ಶೇ. 2. ಬ್ಯೂರೆಟ್‌ನ ತಪ್ಪಿನಷ್ಟೇ. ಸಾದಾ ವಿಧಾನ ಸಾಕು. ಯೂರಿಯಾ ಹಾಕಿ ಎರಡು ಮೂರು ವಾರಕ್ಕೆ ತೆಗೆದ ಮಣ್ಣಿನಲ್ಲಿ ನೈಟ್ರೇಟ್ 60 ಇದ್ದರೆ ಅದು ಶೇ. 11. ಆಗ ಬಿಡುವಂತಿಲ್ಲ. ಅಂಥ ಎರೆಮಣ್ಣಿಗೆ ನೀರನ್ನು ಸಹಿಸುವ ಪರ್ಮ್ಯಾಂಗನೇಟ್ ಮತ್ತು ಕಬ್ಬಿಣದ ಪುಡಿಯ ಮಾರ್ಪಾಡು ಬಳಸಬೇಕು. ಇನ್ನೂ ಸುಲಭದ ದಾರಿ ಬೆಳೆ ಕಟಾವಾದ ಮೇಲೆ, ಗೊಬ್ಬರ ಹಾಕುವ ಮೊದಲು ಮಣ್ಣು ತೆಗೆಯುವುದು.

ಅಮೋನಿಯಾ ಹಿಡಿಯಲು: ಬೋರಿಕ್ ಆಸಿಡ್ ಅಥವಾ ಅಳೆದ ಆಸಿಡ್

ಕುದಿಸಿದ್ದು ತಣ್ಣಗಾದ ಮೇಲೆ ನೀರು ಸೇರಿಸಿ, ಡಿಸ್ಟಿಲೇಷನ್ ಯಂತ್ರಕ್ಕೆ ಕಟ್ಟಿ, ಕಾಸ್ಟಿಕ್ ಸೋಡಾ ಬಿಡಬೇಕು. ಮೂರು ಮಿ.ಲೀ. ಸಾಂದ್ರ ಆಸಿಡ್‌ಗೆ ಶೇ. 40ರ ಸೋಡಾ ಹನ್ನೊಂದು ಮಿ.ಲೀ. ಲೆಕ್ಕಕ್ಕೆ ಸಾಕು, ಧೈರ್ಯಕ್ಕೆ ಇಪ್ಪತ್ತು ಬಿಡಿ. ತಾಮ್ರ ಇರುವುದರಿಂದ ಬಣ್ಣವೇ ಹೇಳುತ್ತದೆ. ದ್ರಾವಣ ಗಾಢ ನೀಲಿಯಾಗಿ, ಹಬೆ ಹೊಡೆದ ಮೇಲೆ ಕಪ್ಪು ಕಂದಾಗಬೇಕು. ತಿಳಿ ನೀಲಿಯಲ್ಲೇ ಉಳಿದರೆ ಸೋಡಾ ಸಾಲಲಿಲ್ಲ. ಅಮೋನಿಯಾ ಹಾರಲೇ ಇಲ್ಲ.

ಹಾರಿದ ಅಮೋನಿಯಾವನ್ನು ಹಿಡಿಯಲು ಎರಡು ದಾರಿ. ಇದು ಲೆಕ್ಕವನ್ನೇ ಬದಲಾಯಿಸುವ ಆಯ್ಕೆ, ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದರಲ್ಲಿ ಶೇ. 4ರ ಬೋರಿಕ್ ಆಸಿಡ್ ಹತ್ತು ಮಿ.ಲೀ., ಅದರಲ್ಲಿ ಬ್ರೋಮೋಕ್ರೆಸಾಲ್ ಗ್ರೀನ್ ಮತ್ತು ಮೀಥೈಲ್ ರೆಡ್ ಮಿಶ್ರ ಸೂಚಕ. ಅಮೋನಿಯಾ ಬಂದ ಹಾಗೆ ವೈನ್ ಕೆಂಪು ಹೋಗಿ ಹಸಿರಾಗುತ್ತದೆ. ನಲವತ್ತು ಮಿ.ಲೀ.ನಷ್ಟು ಇಳಿದ ಮೇಲೆ ತೆಗೆದು, 0.01 N ಸಲ್ಫ್ಯೂರಿಕ್ ಆಸಿಡ್‌ನಿಂದ ಮತ್ತೆ ಗುಲಾಬಿ ಬರುವ ತನಕ ಟೈಟ್ರೇಟ್ ಮಾಡುವುದು. ಬೋರಿಕ್ ಆಸಿಡ್ ಎಷ್ಟು ಹಾಕಿದಿರಿ ಎನ್ನುವುದು ನಿಖರವಾಗಿ ಬೇಕಿಲ್ಲ. ಅದು ಅಮೋನಿಯಾವನ್ನು ಹಿಡಿದು ಕೂತಿರುತ್ತದೆ ಅಷ್ಟೆ, ಅಳೆಯುವುದು ಬ್ಯೂರೆಟ್‌ನ ಆಸಿಡ್.

ಎರಡನೆಯದರಲ್ಲಿ ಬಲ ಗೊತ್ತಿರುವ ಸಲ್ಫ್ಯೂರಿಕ್ ಆಸಿಡ್ ಹತ್ತು ಮಿ.ಲೀ. ಪಿಪೆಟ್‌ನಲ್ಲಿ ಅಳೆದು ಇಡುತ್ತಾರೆ. ಅಮೋನಿಯಾ ಅದರ ಒಂದು ಪಾಲನ್ನು ತಿನ್ನುತ್ತದೆ. ಉಳಿದ ಆಸಿಡನ್ನು ಕಾಸ್ಟಿಕ್ ಸೋಡಾದಿಂದ ಟೈಟ್ರೇಟ್ ಮಾಡುತ್ತಾರೆ. ಅಂದರೆ ಉಳಿದದ್ದನ್ನು ನೋಡಿ ಹೋದದ್ದನ್ನು ತಿಳಿಯುವುದು. ಬಣ್ಣ ತಿರುಗುವುದು ಇಲ್ಲಿ ಚುರುಕು, ಇದು ನಿಜವಾದ ಅನುಕೂಲ. ತೊಂದರೆ ಎರಡು. ಸೋಡಾ ಗಾಳಿಯ ಇಂಗಾಲಾಮ್ಲ ಹೀರಿ ದಿನದಿಂದ ದಿನಕ್ಕೆ ಬಲ ಕಳೆದುಕೊಳ್ಳುತ್ತದೆ, ಮೇಲಿಂದ ಮೇಲೆ ಅದರ ಬಲ ನೋಡಬೇಕು. ಇನ್ನೊಂದು, ಸಾರಜನಕ ಜಾಸ್ತಿ ಇರುವ ಮಾದರಿ ಬಂದು ಆಸಿಡ್ ಪೂರ್ತಿ ಖರ್ಚಾದರೆ ಉಳಿದ ಅಮೋನಿಯಾ ಗಾಳಿಗೆ ಹೋಗುತ್ತದೆ.

ಬ್ಲ್ಯಾಂಕ್ ಕಳೆಯುವ ದಿಕ್ಕು ಕೂಡ ಇಲ್ಲಿ ತಿರುಗುತ್ತದೆ. ಬೋರಿಕ್ ದಾರಿಯಲ್ಲಿ ಮಣ್ಣಿನ ಮಾದರಿಗೆ ಜಾಸ್ತಿ ಆಸಿಡ್ ಬೇಕು, ಬ್ಲ್ಯಾಂಕ್‌ಗೆ ಕಡಿಮೆ. ಹಾಗಾಗಿ ಮಾದರಿಯಿಂದ ಬ್ಲ್ಯಾಂಕ್ ಕಳೆಯಬೇಕು. ಅಳೆದ ಆಸಿಡ್ ದಾರಿಯಲ್ಲಿ ಮಾದರಿಗೆ ಕಡಿಮೆ ಸೋಡಾ, ಬ್ಲ್ಯಾಂಕ್‌ಗೆ ಜಾಸ್ತಿ. ಹಾಗಾಗಿ ಬ್ಲ್ಯಾಂಕ್‌ನಿಂದ ಮಾದರಿ ಕಳೆಯಬೇಕು. ಒಮ್ಮೆ ತರಬೇತಿಗೆ ಬಂದ ಹುಡುಗಿಯೊಬ್ಬಳು ಗಾಬರಿಯಿಂದ ನೋಟ್‌ಬುಕ್ ತಂದಳು. "ಸರ್, ನೈಟ್ರೋಜನ್ ಮೈನಸ್ ಬರ್ತಾ ಇದೆ!" ಅವಳು ಅಳೆದ ಆಸಿಡ್‌ನಲ್ಲಿ ಹಿಡಿದಿದ್ದಳು, ಸೂತ್ರ ಬೋರಿಕ್ ಆಸಿಡ್‌ನದು. "ಮೈನಸ್ ಅಳಿಸಿಬಿಡಮ್ಮ, ಉಳಿದದ್ದು ಸರಿ ಇದೆ" ಎಂದೆ. ಅದೃಷ್ಟಕ್ಕೆ ಅಲ್ಲಿ ತಪ್ಪು ಕಣ್ಣಿಗೆ ಹೊಡೆಯುವಂತಿತ್ತು.

ನನ್ನ ಆಯ್ಕೆ ಬೋರಿಕ್ ಆಸಿಡ್. ಒಂದು ಎಚ್ಚರ ಮಾತ್ರ: ಹಿಡಿಯುವ ಫ್ಲಾಸ್ಕ್ ಬಿಸಿಯಾಗಬಾರದು. ಬೋರಿಕ್ ಆಸಿಡ್ ತೀರ ದುರ್ಬಲ, ಬಿಸಿಯಾದರೆ ಅಮೋನಿಯಾವನ್ನು ಬಿಟ್ಟುಬಿಡುತ್ತದೆ. ಬೇಸಿಗೆಯಲ್ಲಿ ಕಂಡೆನ್ಸರ್‌ಗೆ ಟ್ಯಾಂಕಿನ ಬೆಚ್ಚನೆ ನೀರು ಹರಿಯುತ್ತಿದ್ದರೆ ಫ್ಲಾಸ್ಕ್ ಮುಟ್ಟಿ ನೋಡಿ. ಕೈಗೆ ಬೆಚ್ಚಗೆ ತಾಗಿದರೆ ಐಸ್ ನೀರಿನ ಬೋಗುಣಿಯಲ್ಲಿಡಿ.

ಬ್ಲ್ಯಾಂಕ್: ಯಾವುದನ್ನು ಕಳೆಯಬೇಕು

ಬ್ಲ್ಯಾಂಕ್ ಅಂದರೆ ಮಣ್ಣಿಲ್ಲದ ಮಾದರಿ. ಅಲ್ಲೂ ಎರಡು ಬಗೆ. ಒಂದು, ಬರೀ ನೀರಿಗೆ ಸೋಡಾ ಹಾಕಿ ಡಿಸ್ಟಿಲ್ ಮಾಡುವುದು. ಇನ್ನೊಂದು, ಮಣ್ಣೊಂದನ್ನು ಬಿಟ್ಟು ಆಸಿಡ್, ಉಪ್ಪು, ವೇಗವರ್ಧಕ ಎಲ್ಲ ಹಾಕಿ, ಮಾದರಿಯ ಜೊತೆಗೇ ಅಷ್ಟೇ ಹೊತ್ತು ಕುದಿಸಿ ಡಿಸ್ಟಿಲ್ ಮಾಡುವುದು. ಹೊತ್ತು ಉಳಿಸಲು ಜನ ಮೊದಲನೆಯದನ್ನು ಕಳೆಯುತ್ತಾರೆ. ಅದು ತಪ್ಪು. ಆಸಿಡ್ ಮತ್ತು ಉಪ್ಪಿನಲ್ಲೇ ಸ್ವಲ್ಪ ಅಮೋನಿಯಾ ಇರುತ್ತದೆ, ಅದು ಮೊದಲ ಬಗೆಯಲ್ಲಿ ಕಾಣುವುದೇ ಇಲ್ಲ. ಕಳೆಯಬೇಕಾದದ್ದು ಕುದಿಸಿದ ಬ್ಲ್ಯಾಂಕ್. ಮಣ್ಣನ್ನು ಫಿಲ್ಟರ್ ಪೇಪರ್‌ನಲ್ಲಿ ಸುತ್ತಿ ಹಾಕುವವರು ಬ್ಲ್ಯಾಂಕ್‌ಗೂ ಅಂಥದ್ದೇ ಒಂದು ಪೇಪರ್ ಹಾಕಬೇಕು.

ನೀರಿನ ಬ್ಲ್ಯಾಂಕ್ ವ್ಯರ್ಥ ಅಂತಲ್ಲ. ಅದು ರೋಗ ಪತ್ತೆಗೆ. ಕುದಿಸಿದ ಬ್ಲ್ಯಾಂಕ್ ಜಾಸ್ತಿ, ನೀರಿನದು ಕಡಿಮೆ ಎಂದಾದರೆ ದೋಷ ಆಸಿಡ್ ಅಥವಾ ಉಪ್ಪಿನಲ್ಲಿ. ಎರಡೂ ಜಾಸ್ತಿಯಾದರೆ ಯಂತ್ರ, ನೀರು ಅಥವಾ ಗಾಳಿಯನ್ನು ಅನುಮಾನಿಸಿ. ನೀರಿನ ಬ್ಲ್ಯಾಂಕ್ ಒಂದರ ಹಿಂದೊಂದು ಮಾಡಿದಾಗ ಇಳಿಯುತ್ತಾ ಹೋದರೆ ಹಿಂದಿನ ಮಾದರಿಯ ಅಮೋನಿಯಾ ಕೊಳವೆಯಲ್ಲಿ ಉಳಿದಿತ್ತು. ಏರುತ್ತಾ ಇಳಿಯುತ್ತಾ ಇದ್ದರೆ ಸೋಡಾದ ಹನಿಗಳೇ ಹಬೆಯ ಜೊತೆ ಹಾರಿ ಬರುತ್ತಿವೆ. ಹಬೆಯ ವೇಗ ಇಳಿಸಿ.

ಒಂದು ದಿನ ನಮ್ಮ ಬ್ಲ್ಯಾಂಕ್‌ಗಳೆಲ್ಲ 1.3 ಮಿ.ಲೀ. ದಾಟಿದವು. ಎಂದಿನದು 0.4ರ ಆಸುಪಾಸು. ಹೊಸ ಆಸಿಡ್ ಬಾಟಲಿ ತೆರೆದೆವು, ಬದಲಾಗಲಿಲ್ಲ. ಕೊಳವೆ ತೊಳೆದೆವು, ಬದಲಾಗಲಿಲ್ಲ. ಕೊನೆಗೆ ಒಂದು ಬೋರಿಕ್ ಆಸಿಡ್ ಫ್ಲಾಸ್ಕ್ ಯಂತ್ರಕ್ಕೆ ಕಟ್ಟದೆ ಸುಮ್ನೆ ಬೆಂಚಿನ ಮೇಲೆ ಇಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಅದರ ಕೆಂಪು ಮಾಸಿ ಹಸಿರಿನ ಕಡೆಗೆ ತಿರುಗಿತ್ತು. ಪಕ್ಕದ ಬೆಂಚಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಪರೀಕ್ಷೆಗೆ ಅಮೋನಿಯಾ ಬಫರ್ ಬೆರೆಸುತ್ತಿದ್ದರು! ಅಂದಿನಿಂದ ಬಫರ್ ಕೆಲಸ ಬೇರೆ ಕೋಣೆಗೆ ಹೋಯಿತು, ಬೋರಿಕ್ ಫ್ಲಾಸ್ಕ್‌ಗಳಿಗೆ ಮುಚ್ಚಳ ಬಂತು.

ಲೆಕ್ಕ, ಒಂದು ಮಣ್ಣಿನಲ್ಲಿ

ಬೋರಿಕ್ ದಾರಿಯ ಸೂತ್ರ ಇದು:

```
N% = (S - B) × N × 1.4007 / W
```

S ಮಾದರಿಗೆ ಹೋದ ಆಸಿಡ್, B ಬ್ಲ್ಯಾಂಕ್‌ಗೆ ಹೋದದ್ದು, ಎರಡೂ ಮಿ.ಲೀ.ನಲ್ಲಿ. ಬಲಗಡೆಯ N ಆಸಿಡ್‌ನ ನಾರ್ಮಾಲಿಟಿ. W ಮಣ್ಣಿನ ತೂಕ, ಗ್ರಾಂನಲ್ಲಿ. 1.4007 ಎಲ್ಲಿಂದ ಬಂತು? ಸಾರಜನಕದ ಪರಮಾಣು ತೂಕ 14.007. ಮಿಲಿಗ್ರಾಂನಿಂದ ಗ್ರಾಂಗೆ ಬರಲು ಸಾವಿರದಿಂದ ಭಾಗಿಸಿ, ಶೇಕಡಾಕ್ಕೆ ನೂರರಿಂದ ಗುಣಿಸಿದರೆ ಅದೇ ಸಿಗುತ್ತದೆ. ಕುದಿಸಿದ್ದನ್ನು 100 ಮಿ.ಲೀ.ಗೆ ಏರಿಸಿ ಹತ್ತು ಮಿ.ಲೀ. ಮಾತ್ರ ಡಿಸ್ಟಿಲ್ ಮಾಡುವವರು ಕೊನೆಗೆ ಹತ್ತರಿಂದ ಗುಣಿಸಬೇಕು. ಒಂದು ಗ್ರಾಂ ಮಣ್ಣಿಗೆ ನಾನು ಹಾಗೆ ಮಾಡುವುದಿಲ್ಲ. ಇರುವ ಅರ್ಧ ಮಿಲಿಗ್ರಾಂನಲ್ಲಿ ಹತ್ತನೇ ಒಂದು ಭಾಗ ತೆಗೆದುಕೊಂಡು ಏನು ಅಳೆಯುವುದು?

ಈಗ ಅಂಕಿಗಳು. ನೆರಳಲ್ಲಿ ಒಣಗಿಸಿದ ಎರೆಮಣ್ಣು 1.012 ಗ್ರಾಂ. ಸೋಡಿಯಂ ಕಾರ್ಬೊನೇಟ್‌ನಿಂದ ಬಲ ನೋಡಿದ ಆಸಿಡ್ 0.0102 N. ಮೂರು ಬ್ಲ್ಯಾಂಕ್‌ಗಳು 0.35, 0.40, 0.45 ಮಿ.ಲೀ., ಸರಾಸರಿ 0.40. ಮಾದರಿಗೆ 4.15 ಮಿ.ಲೀ.

4.15ರಿಂದ 0.40 ಕಳೆದರೆ 3.75. ಅದನ್ನು 0.0102 ಮತ್ತು 14.007ರಿಂದ ಗುಣಿಸಿದರೆ 0.536 ಮಿಲಿಗ್ರಾಂ ಸಾರಜನಕ. 1012 ಮಿಲಿಗ್ರಾಂ ಮಣ್ಣಿನಲ್ಲಿ ಅದು ಶೇ. 0.0529.

ಬ್ಲ್ಯಾಂಕ್ ಮರೆತಿದ್ದರೆ 4.15ಕ್ಕೇ ಲೆಕ್ಕ ಹಾಕಿ ಶೇ. 0.0586 ಬರೆಯುತ್ತಿದ್ದಿರಿ. ಹತ್ತಕ್ಕೆ ಒಂದು ಭಾಗ ಸುಳ್ಳು ಸಾರಜನಕ. ಹತ್ತು ವರ್ಷದ ಗೊಬ್ಬರದ ಫಲ ಎಂದು ಬರೆದುಬಿಡುವಷ್ಟು ದೊಡ್ಡ ವ್ಯತ್ಯಾಸ ಅದು, ಅಲ್ವಾ? ಕಾಳಿನಲ್ಲಿ ಇದೇ 0.40 ಮಿ.ಲೀ. ಲೆಕ್ಕಕ್ಕೇ ಬರುವುದಿಲ್ಲ. ಮಣ್ಣಿನಲ್ಲಿ ಬ್ಲ್ಯಾಂಕ್ ಅಷ್ಟು ಮುಖ್ಯವಾಗುವುದು ಅದಕ್ಕೇ. ಒಂದೇ ಬ್ಲ್ಯಾಂಕ್ ಮಾಡಿ ನಿಲ್ಲಿಸಬೇಡಿ, ಪ್ರತಿ ಸುತ್ತಿಗೆ ಮೂರಾದರೂ ಇರಲಿ.

ಇನ್ನೂ ಒಂದು ಹೆಜ್ಜೆ ಇದೆ. ನೆರಳಲ್ಲಿ ಒಣಗಿದ ಎರೆಮಣ್ಣು ನಿಜಕ್ಕೂ ಒಣಗಿರುವುದಿಲ್ಲ. ಅದೇ ಮಣ್ಣಿನ ಬೇರೊಂದು ಭಾಗವನ್ನು 105 ಡಿಗ್ರಿ ಓವನ್‌ನಲ್ಲಿಟ್ಟು ನೋಡಿದಾಗ, ಒಣ ಮಣ್ಣಿನ ತೂಕಕ್ಕೆ ಶೇ. 8ರಷ್ಟು ತೇವ ಇತ್ತು ಎಂದುಕೊಳ್ಳಿ. 0.0529 ಅನ್ನು 1.08ರಿಂದ ಗುಣಿಸಿ. ಶೇ. 0.057. ವರದಿಯಲ್ಲಿ ಬರೆಯಬೇಕಾದದ್ದು ಇದು. ಕೆಂಪು ಮಣ್ಣಿನಲ್ಲಿ ಈ ತಿದ್ದುಪಡಿ ಚಿಕ್ಕದು, ಎರೆಮಣ್ಣಿನಲ್ಲಿ ಬ್ಲ್ಯಾಂಕ್‌ನಷ್ಟೇ ದೊಡ್ಡದು.

ಇದೇ ಮಣ್ಣನ್ನು ಅಳೆದ ಆಸಿಡ್ ದಾರಿಯಲ್ಲಿ ಮಾಡಿದ್ದರೆ? ಹಿಡಿಯಲು 0.02 N ಆಸಿಡ್ ಹತ್ತು ಮಿ.ಲೀ., ಬ್ಯೂರೆಟ್‌ನಲ್ಲಿ 0.02 N ಸೋಡಾ. ಬ್ಲ್ಯಾಂಕ್‌ಗೆ 9.80 ಮಿ.ಲೀ., ಮಾದರಿಗೆ 7.88. ಬ್ಲ್ಯಾಂಕ್‌ನಿಂದ ಮಾದರಿ ಕಳೆದರೆ 1.92. ಅದನ್ನು 0.02 ಮತ್ತು 14.007ರಿಂದ ಗುಣಿಸಿದರೆ 0.538 ಮಿಲಿಗ್ರಾಂ. ಉತ್ತರ ಒಂದೇ. ಆದರೆ ಇಲ್ಲಿ ಲೆಕ್ಕ ನಿಂತಿರುವುದು ಎರಡು ದೊಡ್ಡ ಅಂಕಿಗಳ ಸಣ್ಣ ವ್ಯತ್ಯಾಸದ ಮೇಲೆ, ಓದುವ ತಪ್ಪು ಎರಡರಲ್ಲೂ ಸೇರಿಕೊಳ್ಳುತ್ತದೆ.

ಇನ್ನೊಂದು ಮೋಸದ ಜಾಗ ನಾರ್ಮಾಲಿಟಿ ಮತ್ತು ಮೊಲಾರಿಟಿ. ಸಲ್ಫ್ಯೂರಿಕ್ ಆಸಿಡ್‌ನ 0.01 N ಅಂದರೆ 0.005 M. ಬಾಟಲಿಯ ಚೀಟಿಯಲ್ಲಿ M ಎಂದಿರುವ ಅಂಕಿಯನ್ನು ಹಾಗೇ ಸೂತ್ರಕ್ಕೆ ಹಾಕಿದರೆ ಉತ್ತರ ಸರಿಯಾಗಿ ಅರ್ಧ ಬರುತ್ತದೆ. ಮೈನಸ್ ಬಂದ ತಪ್ಪು ಕೂಗಿ ಹೇಳುತ್ತದೆ. ಇದು ಹೇಳುವುದಿಲ್ಲ, ಶೇ. 0.03 ಎಂದು ನಂಬುವಂಥ ಅಂಕಿಯಾಗಿ ಕೂತಿರುತ್ತದೆ.

ಅದನ್ನು ಹಿಡಿಯಲು ಒಂದು ಸುಲಭದ ಪರೀಕ್ಷೆ ಇದೆ. ಒಣಗಿಸಿದ ಅಮೋನಿಯಂ ಸಲ್ಫೇಟ್ 0.4717 ಗ್ರಾಂ ತೂಗಿ ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಅದರ ಹತ್ತು ಮಿ.ಲೀ.ನಲ್ಲಿ ಸರಿಯಾಗಿ ಒಂದು ಮಿಲಿಗ್ರಾಂ ಸಾರಜನಕ ಇರುತ್ತದೆ. ಕುದಿಸದೆ ನೇರವಾಗಿ ಸೋಡಾ ಹಾಕಿ ಡಿಸ್ಟಿಲ್ ಮಾಡಿ. ಇಲ್ಲಿ ಕಳೆಯಬೇಕಾದದ್ದು ನೀರಿನ ಬ್ಲ್ಯಾಂಕ್, ಏಕೆಂದರೆ ಇದು ಕುದಿಸಿದ್ದಲ್ಲ. 0.0102 N ಆಸಿಡ್ 7.00 ಮಿ.ಲೀ. ಹೋಗಬೇಕು. 6.9 ಬಂದರೆ ಖುಷಿಪಡಿ. 6.3 ಬಂದರೆ ಎಲ್ಲೋ ಅಮೋನಿಯಾ ಸೋರುತ್ತಿದೆ, ರಬ್ಬರ್ ಬಿರಡೆಗಳನ್ನು ನೋಡಿ, ಫ್ಲಾಸ್ಕ್ ಬಿಸಿಯಾಗಿದೆಯಾ ನೋಡಿ. ಏಳು ಸರಿಯಾಗಿ ಹೋಗಿ ಲೆಕ್ಕ ಮಾತ್ರ ಅರ್ಧ ಮಿಲಿಗ್ರಾಂ ತೋರಿಸಿದರೆ ಚೀಟಿಯ M ಅನ್ನು N ಎಂದು ಓದಿದ್ದೀರಿ. ಇದು ಸರಿ ಬಂದು, ಪ್ರತಿ ಸುತ್ತಿನಲ್ಲೂ ಇಡುವ ನಿಮ್ಮದೇ ಒಂದು ಗೊತ್ತಿರುವ ಮಣ್ಣು ಮಾತ್ರ ಕಡಿಮೆ ತೋರಿಸಿದರೆ ತಪ್ಪು ಡಿಸ್ಟಿಲೇಷನ್‌ನಲ್ಲಿಲ್ಲ, ಕುದಿಸಿದ್ದು ಸಾಲಲಿಲ್ಲ.

ಕೊನೆಗೆ ಮತ್ತೆ ಚೀಟಿಯ ಮಾತು. ಶೇ. 0.057 ಅನ್ನು ಹದಿನೈದು ಸೆಂಟಿಮೀಟರ್ ಮೇಲ್ಮಣ್ಣಿಗೆ, ಹೆಕ್ಟೇರಿಗೆ 22.4 ಲಕ್ಷ ಕಿಲೋ ಮಣ್ಣು ಎಂಬ ವಾಡಿಕೆಯ ಲೆಕ್ಕದಲ್ಲಿ ಗುಣಿಸಿದರೆ ಸುಮಾರು 1280 ಕಿಲೋ ಸಾರಜನಕ. ಅದೇ ಹೊಲದ ಚೀಟಿಯಲ್ಲಿ 210 ಕಿಲೋ, ಕಡಿಮೆ ಎಂದು ಇರಬಹುದು. ರೈತರು ಎರಡೂ ಕಾಗದ ಹಿಡಿದು ಬಂದು "ಯಾವುದು ಸುಳ್ಳು ಸಾಹೇಬ್ರೇ?" ಎಂದು ಕೇಳುತ್ತಾರೆ. ಎರಡೂ ನಿಜ. ಒಂದು ಕಣಜದಲ್ಲಿರುವ ಕಾಳು, ಇನ್ನೊಂದು ಈ ವರ್ಷ ಬೀಸಲು ತೆಗೆಯಬಹುದಾದದ್ದರ ಅಂದಾಜು. 560 ಎಂಬ ಗೆರೆಯನ್ನು 1280ರ ಪಕ್ಕದಲ್ಲಿಟ್ಟು ಈ ಹೊಲಕ್ಕೆ ಯೂರಿಯಾ ಬೇಡ ಎಂದು ಮಾತ್ರ ಬರೆದುಕೊಡಬೇಡಿ.